ಕಾಶಿಯ ಎರಡು ಕಾಗದ

ಕಾರವಾರದ ಕಚೇರಿ ರಸ್ತೆಯಲ್ಲಿ ಟೈಪಿಸ್ಟ್ ದೇವಿದಾಸ ಜನರಿಗೆ ಅರ್ಜಿ, ಪತ್ರ ಬರೆದುಕೊಡುತ್ತಿದ್ದ. ಅಧಿಕಾರಿಗೆ ‘ಮಾನ್ಯರೇ’, ಪರಿಚಿತರಿಗೆ ‘ನಮಸ್ಕಾರ’, ಮನೆಯವರಿಗೆ ‘ಪ್ರೀತಿಯ’ ಎಂದು ಶುರುಮಾಡುವುದು ಅವನ ರೂಢಿ. 2004ರಲ್ಲಿ ದೇವಬಾಗದ ಕಾಶಿ ತನ್ನ ಕೇರಿಗೆ ನಲ್ಲಿ ಬೇಕೆಂದು ಅರ್ಜಿ ಬರೆಸಲು ಬಂದಳು. ಅರ್ಜಿ ತಲುಪಬೇಕಾದ ಇಂಜಿನಿಯರ್ ಸತೀಶ ಅವಳ ಅಕ್ಕನ ಮಗ; ಚಿಕ್ಕಮ್ಮನಾದ ಅವಳನ್ನು ‘ಮೌಶಿ’ ಎಂದು ಕರೆಯುತ್ತಿದ್ದ.

“ನಾ ಎತ್ತಿ ಆಡ್ಸಿದ ಪೋರ. ‘ಸತೀಶಾ’ ಅಂತ್ಲೇ ಬರೀರಿ.”

“ಇದು ಫೈಲಿಗೆ ಹೋಗ್ತದೆ ಕಾಶಕ್ಕಾ, ಅವ್ರ ಸಾಹೇಬ್ರೂ ಓದ್ತಾರೆ. ‘ಮಾನ್ಯರೇ’ ಅಂತ್ಲೇ ಬೇಕು.”

“ಹಾಗೆ ಬರದ್ರೆ ಮೌಶಿಗೆ ಸಿಟ್ಟು ಬಂದದೆ ಅಂದ್ಕೊಳ್ತಾನೆ.”

ದೇವಿದಾಸ ಅರ್ಜಿಯನ್ನು ‘ಮಾನ್ಯರೇ’ ಎಂದೇ ಟೈಪ್ ಮಾಡಿದ. ಬೇರೆ ಹಾಳೆಯಲ್ಲಿ ಕೈಯಿಂದ ಬರೆದ: ‘ಪ್ರೀತಿಯ ಸತೀಶ, ಭಾನುವಾರ ಊಟಕ್ಕೆ ಬಾ. ನಿನ್ನ ಮೌಶಿ.’

ಅರ್ಜಿ ಫೈಲು ಸೇರಿತು. ಸತೀಶ ಭಾನುವಾರವೇ ಊಟಕ್ಕೆ ಬಂದ. ನಲ್ಲಿ ಬರಲು ನಾಲ್ಕು ತಿಂಗಳಾಯಿತು.