ಎರಡನೇ ಸಲ ಒತ್ತಿದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಇಂಥವಳನ್ನು ಗ್ರಾಹಕರ ಫೋನು ತೆಗೆಯುವ ಕೆಲಸಕ್ಕೆ ಯಾಕೆ ಇಟ್ಟರೆಂದು ಮಣಿಪಾಲದ ನಮ್ಮ ಆಫೀಸಿನ ಯಜಮಾನರನ್ನೇ ಕೇಳಬೇಕು. ಕಡಿಯಾಳಿಯಿಂದ ಬಸ್ಸು ಹತ್ತಿ ಗುಡ್ಡ ಏರಿ ಬಂದು ಕೂತರೆ ಸಂಜೆಯವರೆಗೆ ನನ್ನ ಕಿವಿಗೆ ಬೀಳುವುದು ದೂರುಗಳೇ. ಬೈಯುವವರಿಗೆ ನಾನೂ ಬೈದದ್ದುಂಟು. ಒಬ್ಬಳಿಗೆ ಮಾತ್ರ ಒಂದು ದಿನವೂ ದನಿ ಏರಿಸಲಿಲ್ಲ.

ಅವಳು ಬಂದರಿನ ಮೀನುಗಾರಿಕೆ ಬೋಟು ಮಾಲೀಕರ ಸಂಘದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಬಜಗೋಳಿಯ ಕಡೆಯವಳು, ಮೂವತ್ತರ ಆಸುಪಾಸು. ನಮ್ಮ ಕಂಪನಿ ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ, ಯಾವ ಬೋಟಿನಲ್ಲಿ ಯಾರು ಯಾರು ಕಡಲಿಗೆ ಹೋದರು ಎಂದು ದಾಖಲಿಸುವುದು ಅವಳ ಕೆಲಸ. ಏನಾದರೂ ಅಪಾಯವಾದರೆ ದಡದವರು ಯಾರನ್ನು ಹುಡುಕಬೇಕೆಂದು ತಿಳಿಯುವುದು ಅದರಿಂದ. ಅವಳಿಗೆ ಆ ಜವಾಬ್ದಾರಿ ಗೊತ್ತಿತ್ತು. ಸೇವ್ ಮಾಡಿದ ಮೇಲೆ ಪರದೆಯ ಮೇಲೆ ಹೆಸರು ಬಂತೋ ಇಲ್ಲವೋ ಎಂದು ನೋಡಿಯೇ ಮುಂದಿನ ಬೋಟಿಗೆ ಹೋಗುತ್ತಿದ್ದಳು. ಅಷ್ಟು ಜಾಗ್ರತೆ ನನಗಿಲ್ಲ. ನಮ್ಮ ಆಫೀಸಿನಲ್ಲಿ ಯಾರಿಗೂ ಇಲ್ಲ.

ಬೋಟುಗಳೆಲ್ಲ ಒಟ್ಟಿಗೆ ಹೊರಡುವ ಹೊತ್ತಿನಲ್ಲಿ ನಮ್ಮ ಸಾಫ್ಟ್‌ವೇರ್ ತೆವಳುತ್ತಿತ್ತು. ಅದಕ್ಕೆ ನಮ್ಮ ಪ್ರೋಗ್ರಾಮರ್ ಒಂದು ಉಪಾಯ ಮಾಡಿದ. ಬರೆಯುವುದೆಲ್ಲ ಮೂಲ ಡೇಟಾಬೇಸಿಗೆ ಹೋಗುತ್ತದೆ. ನೋಡುವವರಿಗೆ ಮಾತ್ರ ಅದರ ಒಂದು ನಕಲಿನಿಂದ ತೋರಿಸುವುದು. ಮೂಲದಲ್ಲಿ ಆದದ್ದೆಲ್ಲ ಅದೇ ಕ್ರಮದಲ್ಲಿ ನಕಲಿಗೂ ಬರುತ್ತದೆ, ಆದರೆ ಸ್ವಲ್ಪ ತಡವಾಗಿ. ಪಕ್ಕದ ಮನೆಯ ಟಿವಿಯಲ್ಲಿ ವಿಕೆಟ್ ಬಿದ್ದು ಬೊಬ್ಬೆ ಕೇಳಿದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಿಬರುವುದಿಲ್ಲವೇ, ಹಾಗೆ. ಹೆಚ್ಚಿನ ದಿನ ಆ ತಡ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ನಕಲಿನ ಮೇಲೆ ದೊಡ್ಡ ವರದಿ ಏನಾದರೂ ಓಡುತ್ತಿದ್ದರೆ ಮಾತ್ರ ಅದು ಹಿಂದೆ ಬೀಳುತ್ತದೆ.

ಹಿಂದೆ ಬಿದ್ದ ದಿನಗಳಲ್ಲಿ ಎಲ್ಲ ಕಡೆಯಿಂದ ಒಂದೇ ದೂರು: ಸೇವ್ ಮಾಡಿದ್ದೇವೆ, ಹಳೆಯದೇ ಕಾಣುತ್ತಿದೆ. ಯಜಮಾನರು ಎಲ್ಲ ಗ್ರಾಹಕರಿಗೂ ಒಂದು ಮೆಸೇಜು ಕಳಿಸಿದರು, ಬದಲಾವಣೆ ಕಾಣದಿದ್ದರೆ ಇನ್ನೊಮ್ಮೆ ಒತ್ತಿ ಎಂದು. ಫೋನ್ ನಂಬರನ್ನೋ ವಿಳಾಸವನ್ನೋ ಎರಡು ಸಲ ಸೇವ್ ಮಾಡಿದರೆ ನಷ್ಟವೇನೂ ಇಲ್ಲ, ಅದೇ ಅಕ್ಷರ ಅದೇ ಜಾಗದಲ್ಲಿ ಮತ್ತೆ ಕೂರುತ್ತದೆ. ಆದರೆ ಬೋಟಿನ ಪುಟದಲ್ಲಿ ‘ಬದಲಿ’ ಎಂಬ ಒಂದು ಗುಂಡಿ ಇತ್ತು. ಆ ಪುಟದಲ್ಲಿ ಮೇಲಿರುವುದು ಕಡಲಿಗೆ ಹೋಗುವವರ ಹೆಸರು, ಕೆಳಗಿರುವುದು ದಡದಲ್ಲಿ ಉಳಿಯುವವರದು. ಕಾಯಂ ಆಳು ಬಾರದ ದಿನ ಅದನ್ನು ಒತ್ತಿದರೆ ಅವನ ಹೆಸರು ಕೆಳಗಿಳಿದು ಬದಲಿ ಆಳಿನ ಹೆಸರು ಮೇಲೆ ಹೋಗುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ. ಒಂದೇ ಬೆರಳಿನ ಕೆಲಸವಾಗಬೇಕೆಂದು ಸಂಘದವರೇ ಕೇಳಿ ಮಾಡಿಸಿಕೊಂಡದ್ದು.

ಸಂಘದ ಒಂದು ಬೋಟಿನಲ್ಲಿ ಏಳು ಜನ; ಅದರ ಕಾಯಂ ಆಳುಗಳಲ್ಲಿ ಒಬ್ಬ ಕಾಪುವಿನವನು. ಹೊರಡುವ ಮುಂಚೆ ಅವನ ದೊಡ್ಡಪ್ಪ ತೀರಿಕೊಂಡರು. ಸೂತಕದವನು ಬೋಟಿಗೆ ಕಾಲಿಡುವುದಿಲ್ಲ. ಯಾರೂ ಹೇಳಬೇಕಾಗಿಲ್ಲ, ತಾನಾಗಿಯೇ ನಿಲ್ಲುತ್ತಾನೆ. ಬೋಟು ನಡೆಸುವ ತಂಡೇಲ ಹೂಡೆಯಿಂದ ಬದಲಿಯವನನ್ನು ಕರೆಸಿ, ಸಂಘದ ಆಫೀಸಿಗೆ ಹೇಳಿ ಹೊರಟ. ಬಜಗೋಳಿಯವಳು ಗುಂಡಿ ಒತ್ತಿದಳು.

ಕೆಲವು ದಿನಗಳ ನಂತರ ಆ ಬೋಟಿಗೆ ಆಳ ಕಡಲಿನಲ್ಲಿ ನೀರು ನುಗ್ಗಿ, ಅದರಲ್ಲಿದ್ದವರೆಲ್ಲ ಕಡಲಿಗೆ ಹಾರಿದರು. ಹತ್ತಿರದಲ್ಲಿದ್ದ ಎರಡು ಬೋಟುಗಳು ಬಂದವು. ಗಾಳಿಗೆ ಚದುರಿಹೋಗಿದ್ದವರಲ್ಲಿ ಒಂದು ಬೋಟು ಮೂವರನ್ನು ಎತ್ತಿಕೊಂಡಿತು, ಇನ್ನೊಂದು ಮೂವರನ್ನು. ಹೂಡೆಯವನು ಆ ಬೋಟಿನಲ್ಲಿದ್ದಾನೆಂದು ಇವರು, ಈ ಬೋಟಿನಲ್ಲಿದ್ದಾನೆಂದು ಅವರು ತಿಳಿದರು. ವೈರ್‌ಲೆಸ್ಸಿನಲ್ಲಿ ದಡಕ್ಕೆ ಬಂದದ್ದು ಇಷ್ಟೇ: ಇಲ್ಲಿ ಮೂವರು, ಅಲ್ಲಿ ಮೂವರು.

ಅಂದು ಅವಳಿಗೆ ರಜೆ. ಸಂಘದ ಅಧ್ಯಕ್ಷರೇ ಕಂಪ್ಯೂಟರ್ ತೆರೆದು ನೋಡಿದರು. ಏಳು ಹೆಸರು. ಒಬ್ಬ ಕಡಿಮೆಯಾದನಲ್ಲ ಎಂದು ಗಾಬರಿಯಲ್ಲಿ, ಯಾರಾದರೂ ಹೋಗದೆ ಉಳಿದರೋ ಎಂದು ಕೇಳಲು ಮನೆಮನೆಗೆ ಫೋನು ಮಾಡಿದರು. ಕಾಪುವಿನ ಮನೆಯಲ್ಲಿ ಆಳೇ ಫೋನು ತೆಗೆದ. ಸೂತಕ ಉಂಟು, ನಾನು ಹೋಗಲೇ ಇಲ್ಲ ಎಂದ. ಅಧ್ಯಕ್ಷರಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಹೋದವರು ಆರು, ಸಿಕ್ಕಿದವರು ಆರು. ನಿನ್ನ ಬದಲಿಗೆ ಯಾರು ಹೋದರು ಎಂದು ಕೇಳಲು ಆ ನಿರಾಳದಲ್ಲಿ ಅವರಿಗೆ ಹೊಳೆಯಲಿಲ್ಲ. ಹುಡುಕಲು ಹೊರಟಿದ್ದ ಬೋಟುಗಳಿಗೆ ತಿರುಗಿ ಬರಲು ಹೇಳಿದರು. ಅದು ಹಗಲು, ಬೆಳಕು ಇನ್ನೂ ಬೇಕಾದಷ್ಟಿತ್ತು.

ಸುದ್ದಿ ಕೇಳಿ ಹೂಡೆಯಿಂದ ಅವನ ಹೆಂಡತಿಯೂ ಫೋನು ಮಾಡಿದ್ದಳು. ಯಾರ ಮನೆಯವಳೆಂದು ಕೇಳದೆ, ಎಲ್ಲರಿಗೂ ಹೇಳಿದ್ದನ್ನೇ ಅವಳಿಗೂ ಹೇಳಿದರು, ಎಲ್ಲರೂ ಸುರಕ್ಷಿತ, ಸಂಜೆಗೆ ಬರುತ್ತಾರೆ. ಅವಳು ಒಣ ಬಟ್ಟೆ ಹಿಡಿದುಕೊಂಡು ಜೆಟ್ಟಿಗೆ ಬಂದು ನಿಂತಿದ್ದಳಂತೆ. ಒಂದು ಬೋಟು ಬಂತು, ಅದರಲ್ಲಿ ಅವನಿರಲಿಲ್ಲ. ಇನ್ನೊಂದರಲ್ಲಿ ಇದ್ದಾನೆ ಎಂದರು. ಆ ಇನ್ನೊಂದೂ ಬಂತು.

ಆಮೇಲೆ ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ.

ಬಜಗೋಳಿಯವಳು ಮರುದಿನ ಕೆಲಸಕ್ಕೆ ಬಂದಾಗ ಆ ಹೆಂಗಸು ಆಫೀಸಿನಲ್ಲೇ ಕೂತಿದ್ದಳು. ಅಳಲಿಲ್ಲ, ಕೂಗಲಿಲ್ಲವಂತೆ. “ನನ್ನ ಗಂಡನ ಹೆಸರು ಹಾಕಲಿಕ್ಕೆ ನಿನಗೆ ಎಂತ ಕಷ್ಟ ಆಯ್ತು?” ಎಂದು ಕೇಳಿದಳಂತೆ, ಅಷ್ಟೇ. ನೀನು ಇನ್ನು ಬರುವುದು ಬೇಡ ಎಂದರು ಸಂಘದವರು. ಅವಳಿಂದಾಗಿ ಒಂದು ಜೀವ ಹೋಯಿತು ಎಂಬ ಮಾತು ಬಂದರಿನಿಂದ ಕಾರ್ಕಳದವರೆಗೆ ಹಬ್ಬಿತು. ಅವಳು ಬಸ್‌ಸ್ಟ್ಯಾಂಡಿನಿಂದ ನನಗೆ ಫೋನು ಮಾಡಿದಳು.

“ಅಕ್ಕ, ನಾನು ಒತ್ತಿದ್ದೇನೆ. ಅವರ ಹೆಸರು ಮೇಲೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಾರೂ ನಂಬುದಿಲ್ಲ.”

ನಾನು ನಂಬಿದೆ. ನಂಬಿ ಯಜಮಾನರ ಕೋಣೆಗೆ ನುಗ್ಗಿದೆ.

ಅಲ್ಲಿ ಅವರು ಆಗಲೇ, ಯಾರು ಯಾವಾಗ ಏನು ಒತ್ತಿದರೆಂದು ದಾಖಲಾಗುವ ಲಾಗ್ ತೆಗೆಸಿ ನೋಡಿಯಾಗಿತ್ತು, ಮುಖದಲ್ಲಿ ಕಳೆ ಬಂದಿತ್ತು. ಆ ಬೋಟಿನ ಪುಟದಲ್ಲಿ ‘ಬದಲಿ’ ಗುಂಡಿಯನ್ನು ಒತ್ತಿದ್ದು ಒಂದು ಸಲ ಅಲ್ಲ, ಎರಡು ಸಲ, ಒಂದರ ಹಿಂದೆ ಒಂದು. ಎರಡು ಸಲ ಒತ್ತಿದರೆ ಮೊದಲಿನಂತೆ ಆಗುತ್ತದೆ, ಆಗಿದೆ; ನಮ್ಮದೇನೂ ತಪ್ಪಿಲ್ಲ ಎಂದರು. ಅವಳು ಹೂಡೆಯವನ ಹೆಸರು ಕಂಡಿದ್ದಾಳಲ್ಲ ಎಂದೆ. ಎರಡನೇ ಸಲ ಒತ್ತಿದ ಮೇಲೆ ಕಾಪುವಿನವನ ಹೆಸರೇ ಕಾಣಬೇಕು, ಬೇರೆ ಕಂಡಿದ್ದರೆ ಅದು ಸುಳ್ಳು ಎಂದ ಪ್ರೋಗ್ರಾಮರ್. ಅವನ ಕೈಯ ಚಹಾವನ್ನು ಅವನ ತಲೆಗೇ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಆ ಹೊತ್ತಿನಲ್ಲಿ ನಕಲು ಎಷ್ಟು ಹಿಂದೆ ಬಿದ್ದಿತ್ತು ಎಂದು ಕೇಳಿದೆ.

ಅವನು ತೆಗೆದು ನೋಡಿದ. ಬೇರೊಬ್ಬ ಗ್ರಾಹಕರ ವಾರ್ಷಿಕ ವರದಿ ಆ ಬೆಳಿಗ್ಗೆ ನಕಲಿನ ಮೇಲೆ ಓಡುತ್ತಿತ್ತು. ನಕಲು ಹಲವು ಸೆಕೆಂಡು ಹಿಂದಿತ್ತು.

ನಾವು ಪರೀಕ್ಷೆಯ ಯಂತ್ರದಲ್ಲಿ ಬೇಕೆಂದೇ ನಕಲನ್ನು ಅಷ್ಟೇ ತಡ ಮಾಡಿ ಕೂತೆವು. ನಾನು ‘ಬದಲಿ’ ಒತ್ತಿದೆ. ಮೂಲದಲ್ಲಿ ಹೆಸರು ಬದಲಾಯಿತು. ಪರದೆಗೆ ಬಂದದ್ದು ನಕಲಿನಿಂದ, ಅಲ್ಲಿ ಹಳೆಯ ಹೆಸರೇ. ಮೆಸೇಜಿನಲ್ಲಿ ಹೇಳಿದಂತೆ ಸ್ವಲ್ಪ ನೋಡಿ ಇನ್ನೊಮ್ಮೆ ಒತ್ತಿದೆ. ಮೂಲದಲ್ಲಿ ಹೆಸರು ಹಿಂದಕ್ಕೆ ಹೋಯಿತು. ಆದರೆ ನಕಲಿಗೆ ಆಗ ತಾನೇ ಮೊದಲ ಸಲದ ಬದಲಾವಣೆ ಬಂದು ಮುಟ್ಟಿತ್ತು, ಎರಡನೆಯದು ಇನ್ನೂ ದಾರಿಯಲ್ಲಿತ್ತು. ಪರದೆಯ ಮೇಲೆ ಹೊಸ ಹೆಸರು ಎದ್ದು ಬಂತು. ಬೇರೆ ಯಾರಾದರೂ ಆಗಿದ್ದರೂ, ಆಯಿತು ಎಂದು ಆ ಪುಟ ಮುಚ್ಚಿ ಮುಂದಿನ ಬೋಟಿಗೆ ಹೋಗುತ್ತಿದ್ದರು. ನಾನು ಮುಚ್ಚದೆ ಕೂತೆ. ಸ್ವಲ್ಪ ಹೊತ್ತಿನ ನಂತರ ಪುಟವನ್ನು ಮತ್ತೆ ತೆರೆದಾಗ ಹಳೆಯ ಹೆಸರು ವಾಪಸು ಬಂದಿತ್ತು.

ಪ್ರೋಗ್ರಾಮರ್ ತಾನೂ ಎರಡು ಸಲ ಒತ್ತಿ ನೋಡಿದ, ಹಾಗೆಯೇ ಆಯಿತು. ಅವನು ಕೆಟ್ಟವನಲ್ಲ. ಆ ದಿನವೇ ಕೂತು, ಸೇವ್ ಮಾಡಿದವರಿಗೆ ಮುಂದಿನ ಪುಟ ಮೂಲದಿಂದಲೇ ಬರುವಂತೆ ಮಾಡಿದ. ಅದಲು ಬದಲು ಗುಂಡಿಯನ್ನು ಕಿತ್ತು, ಹೋಗುವವನ ಹೆಸರನ್ನೇ ಆರಿಸುವಂತೆ ಮಾಡಿದ. ಎಷ್ಟು ಸಲ ಒತ್ತಿದರೂ ಈಗ ಅದೇ ಹೆಸರು ಇರುತ್ತದೆ. ಎಷ್ಟು ಸಣ್ಣ ಕೆಲಸ ಅದು! ಯಜಮಾನರು ಮಾತ್ರ, ಇದನ್ನೆಲ್ಲ ಸಂಘಕ್ಕೆ ಹೇಳುವ ಅಗತ್ಯ ಉಂಟಾ ಎಂದು ರಾಗ ಎಳೆದರು. ನೀವು ಹೇಳದಿದ್ದರೆ ನಾನೇ ಬಂದರಿಗೆ ಹೋಗಿ ಮೈಕು ಹಿಡಿದು ಹೇಳುತ್ತೇನೆ ಎಂದೆ. ನನ್ನ ಸಿಟ್ಟು ಒಂದು ಸಲವಾದರೂ ಉಪಯೋಗಕ್ಕೆ ಬಂತು. ಅವರು ಹೋಗಿ ಎಲ್ಲವನ್ನೂ ವಿವರಿಸಿದರು. ಅವಳನ್ನು ಕೆಲಸಕ್ಕೆ ವಾಪಸು ಕರೆಯುವುದೆಂದು ಸಂಘದವರು ಒಪ್ಪಿದರು.

ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಕಾರ್ಕಳದಲ್ಲಿ ಬಸ್ಸು ಬದಲಿಸಿ ಬಜಗೋಳಿಗೆ ಹೋದೆ. ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ನೀನು ಸುಳ್ಳು ಹೇಳಲಿಲ್ಲ ಎಂದು ಒಬ್ಬರಿಗೆ ಹೇಳಲು ಹೋಗುವುದು ನನ್ನ ಕೆಲಸದಲ್ಲಿ ದಿನಾ ಸಿಗುವ ಭಾಗ್ಯವಲ್ಲ.

ಅವಳು ಜಗಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಳು. ಸೊರಗಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಲು ತೊಡಗಿದೆ. ನೀನು ಕಂಡದ್ದು ನಿಜ, ನಿನ್ನ ಪರದೆಯ ಮೇಲೆ ಅವರ ಹೆಸರು ಬಂದಿತ್ತು, ತಪ್ಪು ನಮ್ಮ ಕಂಪನಿಯದು ಎಂದೆ. ಮೂಲ, ನಕಲು, ಮೊದಲ ಒತ್ತು, ಎರಡನೇ ಒತ್ತು ಎಂದು ನೆಲದ ಮೇಲೆ ಎರಡು ಎಲೆ ಇಟ್ಟು ತೋರಿಸಿದೆ. ಅವಳು ಕತ್ತರಿ ಕೆಳಗಿಟ್ಟು ಆ ಎಲೆಗಳನ್ನೇ ನೋಡುತ್ತ ಕೇಳಿಸಿಕೊಂಡಳು. ಅವಳು ಅಳಬಹುದು, ನಗಬಹುದು, ಕೈ ಹಿಡಿಯಬಹುದು ಎಂದೆಲ್ಲ ಎಣಿಸಿದ್ದೆ.

“ಅಕ್ಕ, ಮೊದಲು ಒತ್ತಿದಾಗಲೇ ಅವರ ಹೆಸರು ಸೇರಿತ್ತಾ?”

ಸೇರಿತ್ತು ಎಂದೆ.

“ಹಾಗಾದ್ರೆ ನಾನು ಮತ್ತೊಮ್ಮೆ ಒತ್ತದಿದ್ದರೆ ಅದು ಅಲ್ಲೇ ಇರ್ತಿತ್ತು ಅಲ್ವಾ?”

ಬಸ್ಸಿನಲ್ಲಿ ಅಷ್ಟು ಹೊತ್ತು ಕೂತು ಬಂದವಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಹಾಗೆ ಒತ್ತಲು ಹೇಳಿದ್ದೇ ನಮ್ಮ ಮೆಸೇಜು, ನಿನ್ನದೇನುಂಟು ಎಂದೆ. ನನ್ನ ದನಿ ನನಗೇ ಯಜಮಾನರ ದನಿಯ ಹಾಗೆ ಕೇಳಿಸಿತು.

“ಮೆಸೇಜ್ ಇಲ್ಲದಿದ್ದರೂ ಒತ್ತುತ್ತಿದ್ದೆ. ಹೆಸರು ಕಾಣದೆ ನಾನು ಬಿಡುವವಳಲ್ಲ, ನಿಮಗೆ ಗೊತ್ತುಂಟಲ್ಲ.”

ಗೊತ್ತಿತ್ತು. ಅಲ್ಲಿಯವರೆಗೆ ಊರೆಲ್ಲ ಏನು ಹೇಳಿದರೂ ಅವಳಲ್ಲಿ ಒಂದು ಗಟ್ಟಿ ಮಾತಿತ್ತು, ನಾನು ಮಾಡಬೇಕಾದದ್ದನ್ನು ಮಾಡಿದ್ದೇನೆ ಎಂದು. ಅದನ್ನು ಹಿಡಿದುಕೊಂಡೇ ಅವಳು ಅಷ್ಟು ದಿನ ಕಳೆದಿದ್ದಳು. ಅದನ್ನು ತೆಗೆದುಕೊಂಡದ್ದು ನಾನು, ಒಳ್ಳೆಯ ಸುದ್ದಿ ತಂದಿದ್ದೇನೆಂದು ಬಸ್ಸು ಹತ್ತಿ ಬಂದು.

ಕೆಲಸಕ್ಕೆ ಯಾವಾಗ ಬರುತ್ತೀ ಎಂದು ಕೇಳಿದೆ. ನೋಡುವ ಎಂದಳು. ಒಳಗಿನಿಂದ ಅವಳ ಅಮ್ಮ ಚಹಾ ತಂದುಕೊಟ್ಟರು. ನಾನು ಕುಡಿದು ಮುಗಿಸುವಷ್ಟರಲ್ಲಿ ಅವಳು ನೆಲದ ಮೇಲಿದ್ದ ಆ ಎರಡು ಎಲೆಗಳನ್ನೂ ಎತ್ತಿ ಕತ್ತರಿಸಿ ಉಳಿದವುಗಳ ಜೊತೆ ಇಟ್ಟಿದ್ದಳು.