ಉಗ್ರಾಣದಣ್ಣನ ಕನ್ನಡಕ

ನಮ್ಮ ಶಾಲೆಯ ಉಗ್ರಾಣ ನೋಡಿಕೊಳ್ಳುವವರನ್ನು ಎಲ್ಲರೂ ಉಗ್ರಾಣದಣ್ಣ ಎಂದೇ ಕರೆಯುವುದು. ಇಪ್ಪತ್ತೊಂಬತ್ತು ವರ್ಷ ಸೀಮೆಸುಣ್ಣ, ಪೊರಕೆ, ಪಠ್ಯಪುಸ್ತಕಗಳ ನಡುವೆ ಬದುಕಿದ ಮನುಷ್ಯ. ಫೋಟೊ ಎಂದರೆ ಮಾತ್ರ ಮಾರು ದೂರ. ಗುಂಪಿನ ಫೋಟೊ ತೆಗೆಯುವ ದಿನ ಕುರ್ಚಿಗಳನ್ನೆಲ್ಲ ಸಾಲಾಗಿ ಹಾಕಿಕೊಟ್ಟು ತಾವು ಮಾಯವಾಗುತ್ತಿದ್ದರು.

ಶಾಲೆಯ ವೆಬ್‌ಸೈಟಿನಲ್ಲಿ ಸಿಬ್ಬಂದಿಯೆಲ್ಲ ಒಂದೇ ಬಗೆಯ ಚಿತ್ರಗಳಾಗಿ ಕಾಣಬೇಕೆಂದು ಹೆಡ್‌ಮೇಡಂಗೆ ಆಸೆಯಾಯಿತು. ಕಚೇರಿಯಲ್ಲಿ ಕಂಪ್ಯೂಟರು ಆರಿಸಿ ಹೊತ್ತಿಸಲು ಬಲ್ಲ ಪಂಡಿತ ನಾನೊಬ್ಬನೇ ಆದ್ದರಿಂದ ಕೆಲಸ ನನ್ನ ಕೊರಳಿಗೆ ಬಿತ್ತು. ನಲವತ್ತಾರು ಫೋಟೊಗಳನ್ನು ಒಂದು ಫೋಲ್ಡರಿಗೆ ಹಾಕಿದೆ. ‘ಇದೇ ಮುಖ, ತಿಳಿನೀಲಿ ಹಿನ್ನೆಲೆ, ಭುಜದವರೆಗೆ, ಸಣ್ಣ ನಗು’ ಎಂದು ಚಿತ್ರ ಬರೆದುಕೊಡುವ ಎಐ ಯಂತ್ರಕ್ಕೆ ಎಲ್ಲಕ್ಕೂ ಒಂದೇ ಸೂಚನೆ ಬರೆದು, ಗುಂಡಿ ಒತ್ತಿ, ಕಾಫಿಗೆ ಹೋದೆ. ಬರುವಷ್ಟರಲ್ಲಿ ಎಲ್ಲರೂ ಹತ್ತು ವರ್ಷ ಚಿಕ್ಕವರಾಗಿದ್ದರು. ನನಗಂತೂ ಕೂದಲೂ ಬಂದಿತ್ತು. ಆ ಸಂತೋಷದಲ್ಲಿ ಉಳಿದವರನ್ನು ಸರಿಯಾಗಿ ನೋಡದೆಯೇ ವೆಬ್‌ಸೈಟಿಗೆ ಏರಿಸಿಬಿಟ್ಟೆ.

ವಾರದ ಮೇಲೆ ಉಗ್ರಾಣದಣ್ಣ ನನ್ನ ಮೇಜಿನ ಮುಂದೆ ಬಂದು ನಿಂತರು.

“ಸಾರ್, ನನ್ನ ಹೆಸರಿನ ಮೇಲಿರೋನು ಯಾರು?”

ನೋಡಿದೆ. ಕನ್ನಡಕ, ಬಲಕ್ಕೆ ಬೈತಲೆ, ನುಣ್ಣನೆಯ ಕಪ್ಪು ಮೀಸೆ. ಯಾರೂ ಅಲ್ಲ. ಫೋಟೊ ಕೊಡದ ಇವರ ಹೆಸರಿನಲ್ಲಿ ಹಳೆಯ ವೆಬ್‌ಸೈಟಿನ ಕಣ್ಣು ಮೂಗಿಲ್ಲದ ಬೂದು ಬಣ್ಣದ ಖಾಲಿ ತಲೆಯ ಚಿತ್ರವೊಂದಿತ್ತು. ಅದನ್ನೂ ನಾನು ಫೋಟೊಗಳ ಜೊತೆ ಸೇರಿಸಿದ್ದೆ. ಮುಖ ಬರೆ ಎಂದಿದ್ದೆನಲ್ಲ, ಮುಖ ಸಿಗದ ಯಂತ್ರ ತಾನೇ ಒಂದನ್ನು ಹುಟ್ಟಿಸಿತ್ತು.

“ನಿಮ್ಮ ಫೋಟೊ ಒಂದು ಕೊಡಿ ಅಣ್ಣ, ಈಗ್ಲೇ ಸರಿ ಮಾಡ್ತೀನಿ.”

“ಪುಸ್ತಕ ತಗೊಳ್ಳೋಕೆ ಬಂದ ತಾಯಿ ಒಬ್ಬರು ಅವನನ್ನೇ ಕರೀರಿ ಅಂದ್ರು. ನಾನೇ ಅಂದ್ರೂ ನಂಬಲಿಲ್ಲ. ಅರ್ಧ ಗಂಟೆ ಕಾದರು, ಸಾರ್. ನನ್ನ ಎದುರಿಗೇ ಕೂತು.”

“ಅದಕ್ಕೇ ಹೇಳಿದ್ದು, ಫೋಟೊ ಕೊಡಿ ಅಂತ.”

“ನೋಡೋಣ,” ಎಂದು ಹೊರಟರು.

ದಿನಕ್ಕೊಬ್ಬರು ಬಂದು ಆ ಇನ್ನೊಬ್ಬನನ್ನು ಕೇಳುತ್ತಲೇ ಇದ್ದರು. ಮರುವಾರ ಅಣ್ಣನ ಬೈತಲೆ ಬಲಕ್ಕೆ ಬಂತು. ಆಮೇಲೆ ಮೀಸೆ ಕಪ್ಪಾಯಿತು. ಒಂದು ಸೋಮವಾರ ಕನ್ನಡಕವೂ ಬಂತು.

“ಕಣ್ಣು ಮಂಜಾಯ್ತಾ ಅಣ್ಣ?”

“ಇಲ್ಲ, ಬರೀ ಗಾಜು. ಈಗ ಯಾರೂ ಕಾಯಲ್ಲ. ಫೋಟೊ ತೆಗೀರಿ, ಸಾರ್.”

ಜೀವನದಲ್ಲಿ ಮೊದಲ ಸಲ ಅವರಾಗಿಯೇ ನನ್ನ ಮೊಬೈಲಿನ ಮುಂದೆ ಕೂತರು. ಹೇಳದಿದ್ದರೂ ಸಣ್ಣಗೆ ನಕ್ಕರು. ಹಳೆಯದನ್ನು ಅಳಿಸಿ, ಈ ನಿಜವಾದ ಫೋಟೊ ಹಾಕಿ, ಅದೇ ಸೂಚನೆ ಕೊಟ್ಟು ಗುಂಡಿ ಒತ್ತಿದೆ. ಈ ಸಲ ಕಾಫಿಗೆ ಹೋಗಲಿಲ್ಲ.

ತೆರೆಯ ಮೇಲೆ ಬಂದವನು ಅವನೇ.

“ಈಗ ಸರಿಯಾಯ್ತು,” ಎಂದು ಉಗ್ರಾಣದಣ್ಣ ಕನ್ನಡಕ ಏರಿಸಿಕೊಂಡು ಹೊರಟರು. ಬಾಗಿಲಲ್ಲಿ ಯಾರೋ, “ಓ, ನೀವೇ ಅಲ್ವಾ,” ಎಂದದ್ದು ಕೇಳಿಸಿತು.

ಇಪ್ಪತ್ತೊಂಬತ್ತು ವರ್ಷ ದಿನವೂ ನೋಡಿದ ಮುಖ ಹೇಗಿತ್ತೆಂದು ಅಂದಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಬರುತ್ತಿಲ್ಲ. ಗುಂಪಿನ ಫೋಟೊಗಳನ್ನೆಲ್ಲ ತೆಗೆದು ನೋಡಿದೆ. ಪ್ರತಿಯೊಂದರಲ್ಲೂ ಕುರ್ಚಿಗಳು ಮಾತ್ರ ಬಹಳ ನೇರವಾಗಿವೆ.