ಇಳಿದ ಸ್ಟಾಪಿನಿಂದ ಮತ್ತೆ ಹತ್ತುವುದು

ಬೆಳಗಿನ ಬಸ್ಸು ಬರದೇ ಇರಬಹುದಾಗಿತ್ತು. ಬಂದರೂ ಯಳಂದೂರಿನ ಹತ್ತಿರ ಪಂಕ್ಚರ್ ಆಗಬಹುದಾಗಿತ್ತು. ಹಾಲ್ ಟಿಕೆಟ್ಟಿನ ಫೋಟೋ ನನ್ನದಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದಾಗಿತ್ತು. ಆ ಫೋಟೋ ನೋಡಿದರೆ ನನಗೇ ಅನುಮಾನ ಬರುತ್ತದೆ. ಪೆನ್ನು ಕೈಕೊಡಬಹುದು, ಕನ್ನಡಕದ ಕಡ್ಡಿ ಮುರಿಯಬಹುದು, ಇಪ್ಪತ್ತನೇ ಪ್ರಶ್ನೆಯ ಉತ್ತರವನ್ನು ಓಎಂಆರ್ ಹಾಳೆಯಲ್ಲಿ ಇಪ್ಪತ್ತೊಂದರ ಗುಂಡಿಗೆ ತುಂಬಿ ಅಲ್ಲಿಂದ ಮುಂದೆ ಎಲ್ಲವೂ ಒಂದು ಮನೆ ಆಚೆಗೆ ಸರಿದುಹೋಗಬಹುದು. ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೇ ಕೂತು, "ಟೀಚರ್, ನೀವೂನಾ?" ಎನ್ನಬಹುದು. ಪರೀಕ್ಷೆಯ ಹಿಂದಿನ ವಾರವೆಲ್ಲ ಮಲಗಿದಲ್ಲೇ ಇವನ್ನು ಒಂದೊಂದಾಗಿ ಆಗಿಸಿ ನೋಡಿದ್ದೆ.

ಹನೂರು ದಾಟಿ ಹೂಗ್ಯಂ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ತಲೆಕೂದಲು ಅಲ್ಲೇ ನೆರೆತವು. ಹೊಸದಾಗಿ ಸೇರುವವರು ಮಾತ್ರ ಬರೆಯುತ್ತಿದ್ದ ಅರ್ಹತಾ ಪರೀಕ್ಷೆಯನ್ನು ಈಗ ಕೆಲಸದಲ್ಲಿರುವವರೂ ಗಡುವಿನೊಳಗೆ ಪಾಸು ಮಾಡಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕಾಗುತ್ತದೆ ಎಂದು ಸುದ್ದಿ ಬಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ಟೀ ಮುಟ್ಟಲಿಲ್ಲ. ನಾನಂತೂ ಅಂದೇ ಗೈಡ್ ತಂದೆ. ಅಂದೇ ಒಂದು ವಿಷಯ ಗೊತ್ತಾಯಿತು: ನನಗೆ ಓದಲು ಬರುವುದಿಲ್ಲ.

ಅಕ್ಷರ ಬರುತ್ತವೆ. ಕಣ್ಣು ಸಾಲಿನ ಮೇಲೆ ಸಲೀಸಾಗಿ ಹೋಗುತ್ತದೆ, ಪುಟ ಮುಗಿಯುತ್ತದೆ, ಕೈ ತಾನೇ ಮಗುಚುತ್ತದೆ. ಆದರೆ ಮಗುವಿನ ಬೆಳವಣಿಗೆಯ ಹಂತಗಳನ್ನು ಕಣ್ಣು ಓದುತ್ತಿರುವಾಗ ನಾನು ಇರುವುದು ಬೇರೆ ಕಡೆ. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದಿದೆಯಾ? ಮಗ್ಗದ ಕೋಣೆಯ ಸೂರು ಮತ್ತೆ ಸೋರುತ್ತದಾ? ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದುದು ಫೇಲಾದ ಮೇಲಿನ ದಿನಗಳಲ್ಲಿ. ಊರವರು ಏನಂದಾರು, ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಎಂಥ ಗೀಟು ಬಿದ್ದೀತು ಎಂದು ಯೋಚಿಸುತ್ತಲೇ, ಫೇಲಾಗದಿರಲು ಓದಬೇಕಾದ ಪುಟವನ್ನು ಓದದೆ ದಾಟುತ್ತಿದ್ದೆ.

ತಪ್ಪಿಹೋಗಿದ್ದೇನೆ ಎಂದು ಗೊತ್ತಾಗುತ್ತಿದ್ದುದು ಎರಡು ಮೂರು ಪುಟ ಕಳೆದ ಮೇಲೆ. ಗೊತ್ತಾದ ಕೂಡಲೇ ಗಾಬರಿ. ಗಾಬರಿಯಲ್ಲಿ ಅಧ್ಯಾಯದ ಮೊದಲ ಸಾಲಿಗೆ ಓಡುತ್ತಿದ್ದೆ. ಹೀಗಾಗಿ ಪ್ರತಿ ಅಧ್ಯಾಯದ ಮೊದಲ ಪುಟ ಬಾಯಿಪಾಠ, ಕೊನೆಯ ಪುಟದ ಮುಖವನ್ನೇ ನೋಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಅಧ್ಯಾಯ ಹಿಡಿದು ಕೂತಿದ್ದೆ. ಪಕ್ಕದಲ್ಲಿ ರೇಷ್ಮೆ ಸುತ್ತುತ್ತಿದ್ದ ಅತ್ತೆ, "ಅದ್ಯಾಕವ್ವಾ, ಇಡೀ ದಿನ ಅದ್ನೇ ಓದ್ತಾ ಇದ್ದೀಯೆ, ಅಷ್ಟು ಚೆಂದಾಗದಾ?" ಎಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರಿಗೂ ಇದೇ ಗತಿ. ಮುಳ್ಳೂರಿನವರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಕೊಳ್ಳೇಗಾಲಕ್ಕೆ ಬಂದು ನಾನು ಹತ್ತುವ ಬಸ್ಸನ್ನೇ ಹತ್ತುತ್ತಾರೆ. ಹನೂರಿನವರೆಗೆ ನಾನು ಓದುವುದು, ಅವರು ಕೇಳುವುದು ಎಂದು ಒಪ್ಪಂದವಾಯಿತು. ಮೊದಲ ದಿನ ಒಂದು ಪುಟ ಪೂರ್ತಿ ಗಡಗಡ ಓದಿದೆ. ಉಚ್ಚಾರಣೆ ಎಲ್ಲೂ ತಪ್ಪಲಿಲ್ಲ.

"ಚೆಂದಾಗೋದಿದ್ರಿ. ಏನೋದಿದ್ರಿ ಯೋಳಿ ನೋಡವ?" ಎಂದರು ಮೇಷ್ಟ್ರು.

ನಾನು ಬಾಯಿ ತೆರೆದೆ. ಒಂದು ಪದವೂ ಇರಲಿಲ್ಲ. ಇಡೀ ಪುಟವನ್ನು ನನ್ನ ಬಾಯಿ ಓದಿತ್ತು, ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ನೋಡಲು ಮನೆಗೆ ಹೋಗಿದ್ದೆ.

"ಬಸ್ಸು ಓಯ್ತಾನೇ ಅದೆ ಟೀಚ್ರೇ, ನೀವು ಯಾವ್ದೋ ಸ್ಟಾಪಲ್ಲಿ ಇಳ್ಕಂಡ್ಬುಟ್ಟಿದ್ದೀರಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. "ನನ್ ಕೈಲಾಗಲ್ಲ ಮೇಷ್ಟ್ರೇ. ನಾನು ಫೇಲೇ" ಎನ್ನುತ್ತಾ ಮತ್ತೆ ಅಧ್ಯಾಯದ ಮೊದಲಿಗೆ ಪುಟ ತಿರುವಿದೆ. ಅವರು ಪುಸ್ತಕದ ಮೇಲೆ ಕೈಯಿಟ್ಟರು.

"ಅದ್ಯಾಕೆ ಮತ್ತೆ ಕೊಳ್ಳೇಗಾಲಕ್ಕೇ ಓಯ್ತೀರಿ? ಎಲ್ಲಿಗಂಟ ಗ್ಯಾಪಕ ಅದೆ ನೋಡ್ಕಳಿ. ಇಳ್ದ ಸ್ಟಾಪಿಂದ ಅತ್ತಿ, ಸಾಕು."

ನೋಡಿದೆ. ಎರಡನೇ ಪ್ಯಾರಾದ ಮೊದಲ ವಾಕ್ಯದವರೆಗೆ ಜ್ಞಾಪಕವಿತ್ತು. ಅಲ್ಲಿಂದ ಮತ್ತೆ ಓದಿದೆ, ಈ ಸಲ ನಿಧಾನಕ್ಕೆ. ಮುಗಿಸಿ ತಲೆಯೆತ್ತಿ ನೋಡಿದರೆ ಮೇಷ್ಟ್ರ ಕಣ್ಣು ಕಿಟಕಿಯ ಆಚೆ ಇತ್ತು.

"ಏನು ಓದಿದೆ ಹೇಳಿ?" ಎಂದೆ.

"ನಾನೂ ಇಳ್ದೆ ಟೀಚ್ರೇ" ಎಂದರು ಸಣ್ಣ ದನಿಯಲ್ಲಿ. "ಉಳಕ್ಕೆ ಸೊಪ್ಪು ಸಾಕಾಯ್ತದೋ ಇಲ್ವೋ ಅಂತಿದ್ದೆ."

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಎಳೆ ತಪ್ಪಿದ್ದು ಗೊತ್ತಾದವರು ನಾಚಿಕೊಳ್ಳದೆ "ಇಳ್ದೆ" ಎನ್ನಬೇಕು. ಓದು ನಿಲ್ಲಬೇಕು. ಕೊನೆಯದಾಗಿ ನೆನಪಿರುವ ವಾಕ್ಯದಿಂದ ಮತ್ತೆ ಶುರು. ಬಸ್ಸಿನಲ್ಲಿ ಕೂತಲ್ಲೇ ಇಬ್ಬರು ನಡುವಯಸ್ಸಿನವರು ಪದೇ ಪದೇ "ಇಳ್ದೆ, ಇಳ್ದೆ" ಎನ್ನುವುದು ಕೇಳಿ ಕಂಡಕ್ಟರ್ ಒಂದು ದಿನ, "ಇಳಿಯೋದಾದ್ರೆ ಇಳೀರಿ ಸಾ, ಸುಮ್ಕೆ ಯಾಕೆ ಎದರಿಸ್ತೀರಿ" ಎಂದ.

ಇಷ್ಟಕ್ಕೆ ಸುಧಾರಿಸಿಬಿಟ್ಟರೆ ನಾನು ನಾನೇ ಅಲ್ಲ. ಹೊಸ ಕಾಟವೊಂದು ಶುರುವಾಯಿತು. ಮನಸ್ಸು ತಪ್ಪಿತೇ ಎಂದು ಕಾಯುವುದರಲ್ಲೇ ಮನಸ್ಸು ತಪ್ಪತೊಡಗಿತು. ಒಂದು ಸಾಲು ಓದುವುದು, ಇಳಿದೆನಾ ಎಂದು ನೋಡುವುದು. ಅಷ್ಟರಲ್ಲಿ ಇಳಿದೇ ಇರುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ಅಣಕು ಪರೀಕ್ಷೆಯಲ್ಲಿ ಗದ್ಯ ಕೊಟ್ಟು ಕೇಳಿದ ಪ್ರಶ್ನೆಗಳೆಲ್ಲ ತಪ್ಪಾದವು. ಅದೂ ಕನ್ನಡ ಗದ್ಯ, ನಾನು ದಿನಾ ಪಾಠ ಮಾಡುವ ಭಾಷೆ. ಆ ಸಂಜೆ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟುಬಿಟ್ಟೆ. ಮನೆಗೆ ಹೋಗಿ ಏನು ಮಾಡುವುದು, ಮತ್ತೆ ಪುಸ್ತಕ ತಾನೇ ತೆರೆಯಬೇಕು? ಈ ವಯಸ್ಸಿನಲ್ಲಿ ಯಾರಿಗೆ ಹೇಳುವುದು, ಓದಿದ್ದು ತಲೆಗೆ ಹೋಗುವುದಿಲ್ಲ ಎಂದು? ಮಕ್ಕಳಾದರೆ ಹೇಳುತ್ತಾರೆ.

ಮೇಷ್ಟ್ರು ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. "ಸಾಲ್ಸಾಲಿಗೂ ನೋಡ್ಬ್ಯಾಡಿ. ಪ್ಯಾರಾ ಮುಗೀಲಿ. ತಲೆ ಎತ್ತಿ, ಒಂದೇ ಮಾತಲ್ಲಿ ಯೋಳ್ಕಳಿ. ಬಂದ್ರೆ ಮುಂದ್ಕೆ. ಬರ್ನಿಲ್ವಾ, ಇಂದ್ಕೆ" ಎಂದರು. ಆಮೇಲೆ, "ನಂಗೇನು ಭಯ ಇಲ್ಲ ಅನ್ಕಂಡ್ರಾ? ನೀವು ಬುಟ್ಬುಟ್ರೆ ನಂಗ್ಯಾರು ಓದಿ ಯೋಳೋರು?" ಎಂದು ಬಿಡಿಸಿದ ಬೀಜ ನನ್ನ ಕೈಗೆ ಸುರಿದರು. ಮೂರನೇ ಬಸ್ಸು ಹತ್ತಿದೆವು.

ಪರೀಕ್ಷೆಯ ದಿನ ಬಸ್ಸು ಬಂತು. ಯಳಂದೂರು ದಾಟಿತು. ಫೋಟೋ ನೋಡಿದವರು ಏನೂ ಅನ್ನಲಿಲ್ಲ. ಪೆನ್ನು ಬರೆಯಿತು, ಕನ್ನಡಕ ಮೂಗಿನ ಮೇಲೇ ಇತ್ತು, ಗುಂಡಿಗಳು ಅವುಗಳ ಮನೆಯಲ್ಲೇ ಇದ್ದವು. ಕನ್ನಡ ಗದ್ಯಕ್ಕೆ ಬಂದೆ. ಹಳೆಯ ಬಾವಿಯೊಂದನ್ನು ಊರವರು ಸೇರಿ ಹೂಳೆತ್ತಿದ ಕಥೆ. ಕೊನೆಯ ಸಾಲು ಮುಗಿಸಿ ತಲೆಯೆತ್ತಿದರೆ, ಬಾವಿಯೂ ಇಲ್ಲ, ಊರೂ ಇಲ್ಲ. ಇನ್ನೊಂದು ಕೊಠಡಿಯಲ್ಲಿದ್ದ ಮೇಷ್ಟ್ರು ಓದುವ ಕನ್ನಡಕ ತಂದಿದ್ದಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಗದ್ಯದ ಬಹುಪಾಲು ದಾಟಿಹೋಗಿತ್ತು. ಮೊದಲಿನ ನಾನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರವರು ಹಗ್ಗ ತಂದರು ಎನ್ನುವವರೆಗೆ ನೆನಪಿತ್ತು. ಬೆರಳಿಟ್ಟು ಅಲ್ಲಿಂದ ಹತ್ತಿದೆ. ತಿಂಗಳುಗಳ ನಂತರ ಫಲಿತಾಂಶ ಬಂದಾಗ ಇಬ್ಬರೂ ಪಾಸು; ನಾನು ಕೂದಲೆಳೆಯಲ್ಲಿ. ಆ ಬಾವಿಯ ಪ್ರಶ್ನೆಗಳಿಲ್ಲದಿದ್ದರೆ ಅದೂ ಇಲ್ಲ.

ಹಾಗಾಗಿ ಪರೀಕ್ಷೆಯ ದಿನ ಆದ ಕೆಟ್ಟದ್ದು ಎಂದರೆ ಒಂದೇ. ಗದ್ಯ ತಪ್ಪಿದ್ದು ಗೊತ್ತಾದ ಆ ಗಳಿಗೆಯಲ್ಲಿ, ಸೂಜಿ ಬಿದ್ದರೂ ಕೇಳುವಂತಿದ್ದ ಕೊಠಡಿಯಲ್ಲಿ, ಬಸ್ಸಿನ ಅಭ್ಯಾಸ ಬಲದಿಂದ ನಾನು ಗಟ್ಟಿಯಾಗಿ "ಇಳ್ದೆ ಮೇಷ್ಟ್ರೇ" ಎಂದುಬಿಟ್ಟಿದ್ದೆ. ಎಲ್ಲರೂ ತಿರುಗಿ ನೋಡಿದರು. ನನ್ನ ಮಗಳ ವಯಸ್ಸಿನ ಮೇಲ್ವಿಚಾರಕಿ ಹತ್ತಿರ ಬಂದು, ನಾನು ದಿನಾ ತರಗತಿಯಲ್ಲಿ ಬಳಸುವ ದನಿಯಲ್ಲೇ, "ಬಾಯಿ ಮುಚ್ಕೊಂಡು ಓದಿ ಮೇಡಂ" ಎಂದಳು.